ಚಿತ್ರದೊಳಗಿನ ದೀಪ ಎಷ್ಟು ಉದ್ದ?

ಒಂದು ಮಳೆಗಾಲದಲ್ಲಿ ನಮ್ಮ ಸ್ನೇಹಿತರೊಬ್ಬರು ಶಿರಸಿಯ ಸಮೀಪದ ತಮ್ಮ ಹಳ್ಳಿಯ ಮನೆಯಿಂದ ನಮಗೆ ಮೊಬೈಲಿನ ಮೂಲಕ ಒಂದು ಛಾಯಾಚಿತ್ರವನ್ನು ಕಳುಹಿಸಿದರು. ಚಿತ್ರದಲ್ಲಿ ಇದ್ದುದು ಇಷ್ಟೇ: ಬರಿಯ ಸಿಮೆಂಟು ನೆಲದ ಮೇಲೆ ಅಡ್ಡಲಾಗಿ ಮಲಗಿಸಿದ ಒಂದು ಕೊಳವೆ ದೀಪ, ಎಂದರೆ ಟ್ಯೂಬ್‌ಲೈಟು, ಅದರ ಎರಡು ತುದಿಗಳೂ ಸುಟ್ಟು ಕಪ್ಪಾಗಿದ್ದವು. ಅವರ ತಾಯಿಯವರು ರಾತ್ರಿಯ ಹೊತ್ತು ಕುಳಿತು ಓದುವ ಮೂಲೆಯ ದೀಪವದು. ಅಲ್ಲಿನ ಅಂಗಡಿಯಲ್ಲಿ ಅಂಥದು ದೊರೆಯಲಿಲ್ಲವೆಂದೂ, ಹೇಗಿದ್ದರೂ ಬರುತ್ತಿರುವ ನಾವು ಬೆಂಗಳೂರಿನಿಂದ ಒಂದನ್ನು ತರಬೇಕೆಂದೂ ಅವರು ಬರೆದಿದ್ದರು.

ನಾವು ಚಿತ್ರವನ್ನು ನೋಡಿದೆವು. ದಪ್ಪನೆಯ, ಹಳೆಯ ಕಾಲದ, ನಾಲ್ಕು ಅಡಿಯ ಕೊಳವೆಯೆಂದು ತೀರ್ಮಾನಿಸಿದೆವು. ಅಂಗಡಿಯವರು, ಅಷ್ಟು ದಪ್ಪದ ಕೊಳವೆ ಈಗ ಬರುವುದಿಲ್ಲ, ಅದೇ ಹೋಲ್ಡರಿನಲ್ಲಿ ಕೂರುವ ಸ್ವಲ್ಪ ತೆಳ್ಳನೆಯ 36 ವಾಟಿನ ಕೊಳವೆಯನ್ನು ಕೊಡುತ್ತೇನೆ ಎಂದರು. ಅವರ ಮಾತು ಸರಿಯಾಗಿಯೇ ಇತ್ತು. ಆ ಗಾಜಿನ ಕೋಲನ್ನು ಪತ್ರಿಕೆಗಳಲ್ಲಿ ಸುತ್ತಿ, ರಾತ್ರಿಯ ಬಸ್ಸಿನಲ್ಲಿ ತೊಡೆಗಳ ನಡುವೆ ನಿಲ್ಲಿಸಿಕೊಂಡು, ಘಟ್ಟದ ಒಂದೊಂದು ತಿರುವಿನಲ್ಲಿಯೂ ಅದರ ಪ್ರಾಣಕ್ಕಾಗಿ ಹೆದರುತ್ತ, ಬೆಳಗಾಗುವ ಹೊತ್ತಿಗೆ ಶಿರಸಿಯನ್ನು ಸೇರಿದೆವು.

ಮನೆಯ ಗೋಡೆಯ ಮೇಲಿದ್ದ ದೀಪದ ಪಟ್ಟಿ ಎರಡು ಅಡಿಯೂ ಇರಲಿಲ್ಲ! ನಾವು ತಂದ ಕೊಳವೆ ಅದಕ್ಕಿಂತ ಎರಡು ಪಟ್ಟು ಉದ್ದವಾಗಿತ್ತು. ಸ್ನೇಹಿತರ ತಾಯಿಯವರು ಹಳೆಯ ಕೊಳವೆಯ ಪಕ್ಕದಲ್ಲಿ ಕೈಯನ್ನು ಹರಡಿ ಅಳೆದು, “ಕೇಳಿದ್ದರೆ ನಾನೇ ಹೇಳುತ್ತಿದ್ದೆನಲ್ಲ ತಮ್ಮಾ, ಎರಡೂವರೆ ಗೇಣೂ ಇಲ್ಲ ಇದು,” ಎಂದರು. ನಮಗೆ ಉತ್ತರ ತೋಚಲಿಲ್ಲ. ಆದರೆ ಈ ತಪ್ಪು ಹೇಗಾಯಿತು ಎಂಬುದನ್ನು ಶೋಧಿಸುತ್ತ ಹೋದಾಗ ಒಂದು ಸೊಗಸಾದ ಸಂಗತಿ ಗೊತ್ತಾಯಿತು. ಅದನ್ನು ವಾಚಕರ ಮುಂದೆ ಇಡುವುದೇ ಈ ಲೇಖನದ ಉದ್ದೇಶ.

ಹೆಸರಿನಲ್ಲಿಯೇ ಅಳತೆ

ಮೊದಲು ದೀಪಗಳ ಹೆಸರುಗಳನ್ನು ಅರ್ಥ ಮಾಡಿಕೊಳ್ಳೋಣ. ಅವು ಗುಟ್ಟಿನ ಸಂಕೇತಗಳಂತೆ ಕಂಡರೂ ವಾಸ್ತವವಾಗಿ ಅಳತೆಗಳೇ ಆಗಿವೆ. ಕೊಳವೆಯ ದಪ್ಪವನ್ನು ‘ಟಿ’ ಎಂಬ ಅಕ್ಷರದ ಮುಂದಿನ ಅಂಕಿ ತಿಳಿಸುತ್ತದೆ. ಒಂದು ಅಂಗುಲವನ್ನು ಎಂಟು ಪಾಲು ಮಾಡಿದರೆ ಅಂಥ ಎಷ್ಟು ಪಾಲು ವ್ಯಾಸವೆಂಬುದೇ ಆ ಅಂಕಿ. ಟಿ 12 ಎಂದರೆ ಒಂದೂವರೆ ಅಂಗುಲ, ಅರ್ಥಾತ್ ಸುಮಾರು 38 ಮಿಲಿಮೀಟರು. ಇದು ನಮ್ಮ ಹಿರಿಯರು ಕಂಡ 40 ವಾಟಿನ ದಪ್ಪ ಕೊಳವೆ. ಟಿ 8 ಎಂದರೆ ಒಂದು ಅಂಗುಲ, ಸುಮಾರು 26 ಮಿ.ಮೀ.; ಇದು ಆಮೇಲೆ ಬಂದ 36 ವಾಟಿನದು. ಟಿ 5 ಎಂದರೆ 16 ಮಿ.ಮೀ. ದಪ್ಪದ ಬೆರಳಿನಂಥ ಕೊಳವೆ.

ಕೊಳವೆಯ ತುದಿಯಲ್ಲಿ ಎರಡು ಲೋಹದ ಪಿನ್ನುಗಳಿರುತ್ತವೆ. ಆ ಪಿನ್ನುಗಳ ನಡುವಣ ದೂರವನ್ನು ‘ಜಿ’ ಅಕ್ಷರದ ಮುಂದಿನ ಅಂಕಿ ಮಿಲಿಮೀಟರುಗಳಲ್ಲಿ ಹೇಳುತ್ತದೆ. ಟಿ 12 ಮತ್ತು ಟಿ 8 ಕೊಳವೆಗಳೆರಡಕ್ಕೂ ಇರುವುದು ಜಿ 13 ಬುಡ. ಆದುದರಿಂದಲೇ ದಪ್ಪ ಕೊಳವೆಯ ಹೋಲ್ಡರಿನಲ್ಲಿ ತೆಳ್ಳನೆಯದೂ ಕೂರುತ್ತದೆ. ಟಿ 5 ಕೊಳವೆಗೆ ಜಿ 5 ಬುಡ. ಅದನ್ನು ಜಿ 13ರ ಹೋಲ್ಡರಿಗೆ ಸೇರಿಸುವುದು ಸಾಧ್ಯವಿಲ್ಲ.

ಹೀಗಾಗಿ ಕೊಳವೆಯನ್ನು ಗುರುತಿಸುವುದೆಂದರೆ ಮೂರು ಅಳತೆಗಳನ್ನು ತಿಳಿಯುವುದು: ಉದ್ದ, ದಪ್ಪ, ಪಿನ್ನುಗಳ ಅಂತರ. ಕೈಯಲ್ಲಿ ಕೊಳವೆಯೂ ಅಳತೆಪಟ್ಟಿಯೂ ಇದ್ದರೆ ಇದು ಅರೆ ನಿಮಿಷದ ಕೆಲಸ. ಚಿತ್ರ ಮಾತ್ರ ಇದ್ದಾಗ ತೊಡಕು ಆರಂಭವಾಗುತ್ತದೆ.

ಚಿತ್ರ ಉಳಿಸುವುದೇನು, ಕಳೆಯುವುದೇನು?

ಛಾಯಾಚಿತ್ರವು ವಸ್ತುವಿನ ಆಕಾರವನ್ನು ಉಳಿಸಿಕೊಳ್ಳುತ್ತದೆ, ಗಾತ್ರವನ್ನು ಕಳೆದುಬಿಡುತ್ತದೆ. ರೇಖಾಗಣಿತದಲ್ಲಿ ಸಮರೂಪ ತ್ರಿಭುಜಗಳನ್ನು ಕಲಿತ ವಿದ್ಯಾರ್ಥಿಗಳಿಗೆ ಇದು ಸುಲಭವಾಗಿ ತಿಳಿಯುತ್ತದೆ. ದೊಡ್ಡ ತ್ರಿಭುಜವನ್ನು ದೂರದಿಂದಲೂ ಅದೇ ಆಕಾರದ ಸಣ್ಣದನ್ನು ಹತ್ತಿರದಿಂದಲೂ ನೋಡಿದರೆ ಎರಡೂ ಒಂದೇ ಆಗಿ ಕಾಣುತ್ತವೆ. ಚಿತ್ರದಲ್ಲಿ ಮಿಲಿಮೀಟರುಗಳಿಲ್ಲ, ಇರುವುದು ಅನುಪಾತಗಳು ಮಾತ್ರ.

ಹಾಗಾದರೆ ಅನುಪಾತಗಳಿಂದಲೇ ಕೊಳವೆಯನ್ನು ಗುರುತಿಸಬಹುದಲ್ಲವೇ? ಬಹುಮಟ್ಟಿಗೆ ಗುರುತಿಸಬಹುದು. ನಾಲ್ಕು ಅಡಿಯ ಟಿ 8 ಕೊಳವೆಯ ಉದ್ದ 1200 ಮಿ.ಮೀ., ದಪ್ಪ 26. ಉದ್ದವು ದಪ್ಪದ 46 ಪಟ್ಟು. ಅಷ್ಟೇ ಉದ್ದದ ಟಿ 12 ಕೊಳವೆಯಲ್ಲಿ ಉದ್ದವು ದಪ್ಪದ ಸುಮಾರು 32 ಪಟ್ಟು. ಇವೆರಡನ್ನು ಚಿತ್ರದಲ್ಲಿ ಬೇರ್ಪಡಿಸುವುದು ಕಷ್ಟವಲ್ಲ.

ನಾವು ಮಾಡಿದ್ದೂ ಇದೇ ಲೆಕ್ಕ. ಸ್ನೇಹಿತರ ಚಿತ್ರವನ್ನು ಪರದೆಯ ಮೇಲೆ ದೊಡ್ಡದು ಮಾಡಿ ಅಳೆದಾಗ ಕೊಳವೆಯ ಉದ್ದ 1372 ಚುಕ್ಕೆಗಳು, ದಪ್ಪ 40 ಚುಕ್ಕೆಗಳು ಬಂದವು. ಭಾಗಿಸಿದರೆ 34. ಇದು 46ಕ್ಕೆ ದೂರ, 32ಕ್ಕೆ ಹತ್ತಿರ. ಆದುದರಿಂದ ಟಿ 12, ನಾಲ್ಕು ಅಡಿ ಎಂದು ನಿಶ್ಚಯಿಸಿದೆವು. ಉಳಿದ ಎರಡರ ವ್ಯತ್ಯಾಸವನ್ನು, ಚಿತ್ರ ಕೊಂಚ ಓರೆಯಾಗಿರಬಹುದು ಎಂದುಕೊಂಡು ಕಡೆಗಣಿಸಿದೆವು.

ಆದರೆ ನಾವು ಇನ್ನೊಂದು ಕೊಳವೆಯನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. 14 ವಾಟಿನ ಟಿ 5 ಕೊಳವೆಯ ಉದ್ದ 549 ಮಿ.ಮೀ., ದಪ್ಪ 16. ಇಲ್ಲಿಯೂ ಉದ್ದವು ದಪ್ಪದ 34 ಪಟ್ಟು! ಪಿನ್ನುಗಳ ಅಂತರವನ್ನು ನೋಡಿದರೂ ಅದೇ ಕಥೆ. ಟಿ 12 ಕೊಳವೆಯಲ್ಲಿ ಅಂತರವು ದಪ್ಪದ ಮೂರನೆಯ ಒಂದು ಪಾಲು. ಟಿ 5 ಕೊಳವೆಯಲ್ಲಿಯೂ ಹೆಚ್ಚುಕಡಮೆ ಅಷ್ಟೇ. ಎಂದರೆ, ಎರಡು ಅಡಿಯೊಳಗಿನ ಈ ಸಣ್ಣ ಕೊಳವೆಯು ನಾಲ್ಕು ಅಡಿಯ ಆ ದಪ್ಪ ಕೊಳವೆಯ ಮರಿಯಂತಿದೆ. ಯಾರೂ ಬೇಕೆಂದು ಹೀಗೆ ಮಾಡಲಿಲ್ಲ, ಆಕಸ್ಮಿಕವಾಗಿ ಹೊಂದಿಕೊಂಡಿದೆ. ಬರಿಯ ನೆಲದ ಮೇಲೆ, ಪಕ್ಕದಲ್ಲಿ ಇನ್ನಾವ ವಸ್ತುವೂ ಇಲ್ಲದೆ ಇಟ್ಟು ಚಿತ್ರ ತೆಗೆದರೆ ಇವೆರಡೂ ನಮ್ಮನ್ನು ಏಮಾರಿಸಬಲ್ಲವು.

ಇಲ್ಲಿ ನಮ್ಮ ಇನ್ನೊಂದು ತಪ್ಪನ್ನೂ ಒಪ್ಪಿಕೊಳ್ಳಬೇಕು. ಓರೆಯಾಗಿ ತೆಗೆದ ಚಿತ್ರದಲ್ಲಿ ಉದ್ದವು ಕುಗ್ಗಿ ಕಾಣುತ್ತದೆಯೇ ಹೊರತು ಹಿಗ್ಗಿ ಕಾಣುವುದಿಲ್ಲ. 32 ಇರಬೇಕಾದುದು ಓರೆಯಿಂದ 30 ಆಗಬಹುದಿತ್ತು. 34 ಆಗುವುದಕ್ಕೆ ಕಾರಣವಿರಲಿಲ್ಲ. ವ್ಯತ್ಯಾಸವಿದ್ದಾಗ ಅದು ಯಾವ ದಿಕ್ಕಿನಲ್ಲಿದೆ ಎಂಬುದನ್ನು ನಾವು ನೋಡಲೇ ಇಲ್ಲ.

ಕುಗ್ಗದೆ ಉಳಿದ ಅಂಗ

ಹಾಗಿದ್ದರೆ ಅಂಥ ಚಿತ್ರದಿಂದ ನಿಜವನ್ನು ತಿಳಿಯುವ ಬಗೆಯೇ ಇಲ್ಲವೇ? ಇದೆ. ತಾಯಿ ಮತ್ತು ಮರಿ ಎಷ್ಟೇ ಹೋಲಲಿ, ಎಲ್ಲ ಅಂಗಗಳೂ ಒಂದೇ ಪ್ರಮಾಣದಲ್ಲಿ ಕುಗ್ಗಿರುವುದಿಲ್ಲ. ಕೊಳವೆ ದೀಪದಲ್ಲಿ ಹೀಗೆ ಕುಗ್ಗದೆ ಉಳಿದ ಅಂಗವೆಂದರೆ ಪಿನ್ನು. ಟಿ 12, ಟಿ 8, ಟಿ 5 ಈ ಮೂರರಲ್ಲಿಯೂ ಪಿನ್ನು ತುದಿಯಿಂದ ಹೊರಕ್ಕೆ ಚಾಚಿರುವುದು ಸುಮಾರು 7 ಮಿ.ಮೀ.; ಪಿನ್ನಿನ ದಪ್ಪವೂ ಮೂರರಲ್ಲಿ ಹೆಚ್ಚುಕಡಮೆ ಒಂದೇ, ಸುಮಾರು 2.4 ಮಿ.ಮೀ. ಹೋಲ್ಡರಿನೊಳಗೆ ಸೇರಿ ವಿದ್ಯುತ್ತನ್ನು ಒಯ್ಯುವ ಪಿನ್ನನ್ನು ಕೊಳವೆ ತೆಳ್ಳಗಾದಂತೆಲ್ಲ ಸಣ್ಣದು ಮಾಡಲಿಲ್ಲ.

ಇದರ ಫಲವನ್ನು ನೋಡಿರಿ. ಪಕ್ಕದಿಂದ ತೆಗೆದ ಚಿತ್ರದಲ್ಲಿ ಟಿ 12 ಕೊಳವೆಯ ಪಿನ್ನು ಕೊಳವೆಯ ದಪ್ಪದ ಐದನೆಯ ಒಂದು ಪಾಲಿಗಿಂತಲೂ ಚಿಕ್ಕದಾಗಿ ಕಾಣುತ್ತದೆ. ಟಿ 8ರಲ್ಲಿ ಕಾಲು ಪಾಲಿಗಿಂತ ತುಸು ಹೆಚ್ಚು. ಟಿ 5ರಲ್ಲಿಯಾದರೋ ಸುಮಾರು ಅರ್ಧದಷ್ಟು! ದಪ್ಪ ಕೊಳವೆಯ ಪಿನ್ನುಗಳು ಮೊಳೆಯ ತುದಿಗಳಂತೆ ಕಂಡರೆ, ಟಿ 5ರ ಪಿನ್ನುಗಳು ಬಸವನ ಹುಳುವಿನ ಕೋಡುಗಳಂತೆ ಮುಂದೆ ಚಾಚಿಕೊಂಡಿರುತ್ತವೆ.

ತುದಿಗೆ ಎದುರಾಗಿ ನಿಂತು ತೆಗೆದ ಚಿತ್ರ ಸಿಕ್ಕರೆ ಗುರುತು ಇನ್ನೂ ಸ್ಪಷ್ಟ. ಜಿ 5 ಬುಡದಲ್ಲಿ ಎರಡು ಪಿನ್ನುಗಳ ನಡುವಣ ಖಾಲಿ ಜಾಗದಲ್ಲಿ ಇನ್ನೊಂದೇ ಪಿನ್ನು ಹಿಡಿಸೀತು. ಜಿ 13 ಬುಡದಲ್ಲಿ ನಾಲ್ಕು ಪಿನ್ನುಗಳನ್ನು ಸಾಲಾಗಿ ಇಡುವಷ್ಟು ಜಾಗವಿರುತ್ತದೆ. ಇದನ್ನು ತಿಳಿಯಲು ಅಳತೆಪಟ್ಟಿಯೂ ಬೇಡ, ಲೆಕ್ಕವೂ ಬೇಡ.

ಶಿರಸಿಯ ಮನೆಯ ಜಗುಲಿಯಲ್ಲಿ ಕುಳಿತು ನಾವು ಮೊಬೈಲಿನಲ್ಲಿದ್ದ ಅದೇ ಚಿತ್ರವನ್ನು ಮತ್ತೆ ತೆರೆದು, ಈ ಸಲ ಕೊಳವೆಯ ತುದಿಯನ್ನು ಮಾತ್ರ ದೊಡ್ಡದು ಮಾಡಿ ನೋಡಿದೆವು. ಪಿನ್ನಿನ ಉದ್ದ 18 ಚುಕ್ಕೆ. ಕೊಳವೆಯ ದಪ್ಪ 40 ಚುಕ್ಕೆ. 18ನ್ನು 40ರಿಂದ ಭಾಗಿಸಿದರೆ 0.45. ಟಿ 12 ಆಗಿದ್ದರೆ ಪಿನ್ನು ಏಳೆಂಟು ಚುಕ್ಕೆಗಳಿಗಿಂತ ಹೆಚ್ಚು ಇರುವಂತಿರಲಿಲ್ಲ. ಚಿತ್ರ ಓರೆಯಾಗಿದ್ದರೂ ಪಿನ್ನು ಇನ್ನಷ್ಟು ಗಿಡ್ಡವಾಗಿ ಕಾಣುತ್ತಿತ್ತೇ ವಿನಾ ಉದ್ದವಾಗಿ ಅಲ್ಲ. ಸಂದೇಹಕ್ಕೆ ಎಡೆಯೇ ಇಲ್ಲ: ಅದು ಟಿ 5. ಉತ್ತರವು ಮೊದಲಿನಿಂದಲೂ ಚಿತ್ರದಲ್ಲಿಯೇ ಇತ್ತು. ನಾವು ಕೊಳವೆಯ ಮೈಯನ್ನು ನೋಡುತ್ತ ತುದಿಯನ್ನು ಮರೆತಿದ್ದೆವು.

ಕೊಳವೆಯನ್ನು ಹೊರಳಿಸಿದಾಗ ಇನ್ನೊಂದು ತಮಾಷೆ ಕಂಡಿತು. ನೆಲಕ್ಕೆ ತಾಗಿದ್ದ ಮಗ್ಗುಲಲ್ಲಿ, ಮಾಸಿದ್ದರೂ ಓದಬಹುದಾದಂತೆ, 14 ವಾಟು ಎಂದೂ ಅದರ ಪಕ್ಕದಲ್ಲಿ 865 ಎಂದೂ ಅಚ್ಚಾಗಿತ್ತು. ಕೊಳವೆಯ ವಾಟು ತಿಳಿದರೆ ಉದ್ದವೂ ತಿಳಿದಂತೆಯೇ. ಟಿ 5ರ ಸಾಮಾನ್ಯ ಶ್ರೇಣಿಯಲ್ಲಿ 14, 21, 28, 35 ವಾಟಿನ ಕೊಳವೆಗಳಿವೆ. ಏಳು ವಾಟು ಏರಿದಂತೆಲ್ಲ ಉದ್ದವು 300 ಮಿ.ಮೀ. ಹೆಚ್ಚುತ್ತದೆ. 865ರಲ್ಲಿ ಮೊದಲನೆಯ 8, ಬಣ್ಣಗಳನ್ನು ಎಷ್ಟು ಸಹಜವಾಗಿ ತೋರಿಸುತ್ತದೆಂಬ ದರ್ಜೆ; ಉಳಿದ 65, ಬೆಳಕಿನ ಬಣ್ಣ 6500 ಕೆಲ್ವಿನ್, ಎಂದರೆ ಹಗಲಿನಂಥ ಬಿಳುಪು. ಆದುದರಿಂದ ದೀಪದ ಚಿತ್ರವನ್ನು ತೆಗೆಯುವವರು ಮೊದಲು ಅಕ್ಷರಗಳಿರುವ ಮಗ್ಗುಲನ್ನು ಹುಡುಕಬೇಕು. ಅಕ್ಷರಗಳು ಮಾಸಿದ್ದರೆ ಬೆಳಕು ಎದುರಿನಿಂದ ಬೀಳದೆ ಪಕ್ಕದಿಂದ ಸವರಿಕೊಂಡು ಬರುವಂತೆ ಹಿಡಿದರೆ ಅನೇಕ ವೇಳೆ ಓದಲು ಬರುತ್ತವೆ.

ಹತ್ತು ರೂಪಾಯಿಯ ನಾಣ್ಯ

ಬುರುಡೆ ದೀಪಗಳಿಗೆ, ಎಂದರೆ ಬಲ್ಬುಗಳಿಗೆ, ಇದೇ ವಿಚಾರವನ್ನು ಅನ್ವಯಿಸೋಣ. ನಮ್ಮ ದೇಶದ ಮನೆಗಳಲ್ಲಿ ಹೆಚ್ಚಾಗಿ ಕಾಣುವುದು ಒತ್ತಿ ತಿರುಗಿಸಿ ಸಿಕ್ಕಿಸುವ ಬುಡ. ಅದರ ಎರಡು ಪಕ್ಕಗಳಲ್ಲಿ ಎರಡು ಗುಬುಟುಗಳಿರುತ್ತವೆ. ಬಂದೂಕಿನ ತುದಿಗೆ ಚೂರಿಯನ್ನು ಸಿಕ್ಕಿಸುವ ಬಗೆಯನ್ನು ಹೋಲುವುದರಿಂದ ಇದಕ್ಕೆ ಬಯೊನೆಟ್ ಬುಡವೆಂದು ಹೆಸರು. ಬುಡದ ವ್ಯಾಸ 22 ಮಿ.ಮೀ. ಆದುದರಿಂದ ಬಿ 22. ಇನ್ನೊಂದು ಬಗೆ ತಿರುಪಿನ ಬುಡ. ಎಡಿಸನ್ನನ ಹೆಸರಿನ ಮೊದಲ ಅಕ್ಷರವನ್ನು ಹೊತ್ತ ಇದರಲ್ಲಿ, ಅಂಕಿಯು ತಿರುಪಿನ ಹೊರವ್ಯಾಸವನ್ನು ಹೇಳುತ್ತದೆ: ಇ 27 ದೊಡ್ಡದು, ಇ 14 ಸಣ್ಣದು. ಗುಬುಟೋ ತಿರುಪೋ ಎಂಬುದು ಚಿತ್ರದಲ್ಲಿ ಒಡನೆಯೇ ಗೊತ್ತಾಗುತ್ತದೆ. ದೊಡ್ಡ ತಿರುಪೋ ಸಣ್ಣ ತಿರುಪೋ ಎಂಬುದೇ ಪ್ರಶ್ನೆ.

ಇಲ್ಲಿ ನಮ್ಮ ಜೇಬಿನಲ್ಲಿಯೇ ಇರುವ ಒಂದು ಸಾಧನ ಒದಗಿಬರುತ್ತದೆ. ಎರಡು ಲೋಹಗಳ ಹತ್ತು ರೂಪಾಯಿಯ ನಾಣ್ಯದ ವ್ಯಾಸ 27 ಮಿ.ಮೀ. ದೊಡ್ಡ ತಿರುಪಿನ ಅಳತೆಯೂ ಸರಿಯಾಗಿ ಅಷ್ಟೇ! ನಾಣ್ಯವನ್ನು ಬುರುಡೆಯ ಬುಡದ ಪಕ್ಕದಲ್ಲಿಟ್ಟು ಚಿತ್ರ ತೆಗೆದರೆ, ಎರಡರ ಅಗಲವೂ ಸಮವಾಗಿದ್ದರೆ ಇ 27. ಬುಡವು ನಾಣ್ಯದ ಅರ್ಧದಷ್ಟಿದ್ದರೆ ಇ 14. ಒಂದು ಚಿತ್ರದಲ್ಲಿ ನಾಣ್ಯ 81 ಚುಕ್ಕೆ, ತಿರುಪು 42 ಚುಕ್ಕೆ ಬಂದಿತ್ತೆನ್ನಿ. 27ನ್ನು 42ರಿಂದ ಗುಣಿಸಿ 81ರಿಂದ ಭಾಗಿಸಿದರೆ 14. ಉತ್ತರ ಇ 14.

ಆದರೆ ಒಂದು ಎಚ್ಚರ ಅಗತ್ಯ. ಕ್ಯಾಮರಕ್ಕೆ ಹತ್ತಿರವಿದ್ದ ವಸ್ತು ದೊಡ್ಡದಾಗಿ ಕಾಣುತ್ತದೆ. ಕ್ಯಾಮರವನ್ನು ನಾಣ್ಯದಿಂದ 20 ಸೆಂಟಿಮೀಟರು ಮೇಲೆ ಹಿಡಿದಿದ್ದೇವೆ, ನಾಣ್ಯ ಮೇಜಿನ ಮೇಲಿದೆ, ಬುರುಡೆಯ ಬುಡ ಮೇಜಿಗಿಂತ 3 ಸೆಂ.ಮೀ. ಎತ್ತರದಲ್ಲಿದೆ ಎಂದುಕೊಳ್ಳೋಣ. ಆಗ ಬುಡಕ್ಕೂ ಕ್ಯಾಮರಕ್ಕೂ ಇರುವ ದೂರ 17 ಸೆಂ.ಮೀ. ಮಾತ್ರ. 14 ಮಿ.ಮೀ. ಬುಡವು ಲೆಕ್ಕದಲ್ಲಿ ಹದಿನಾರೂವರೆಯಾಗಿ ಬರುತ್ತದೆ. ಜಪಾನಿನಲ್ಲಿಯೂ ಅಮೆರಿಕದಲ್ಲಿಯೂ ಇ 17 ಎಂಬ ಬುಡವೇ ಬಳಕೆಯಲ್ಲಿರುವುದರಿಂದ, ಹೊರದೇಶದಿಂದ ತಂದ ದೀಪದ ವಿಷಯದಲ್ಲಿ ಇದು ನಿಜವಾದ ಗೊಂದಲಕ್ಕೇ ಕಾರಣವಾದೀತು. ಅದೇ ಕ್ಯಾಮರವನ್ನು ಒಂದು ಮೀಟರು ದೂರಕ್ಕೆ ಒಯ್ದರೆ ತಪ್ಪು ನೂರಕ್ಕೆ ಮೂರರಷ್ಟಕ್ಕೆ ಇಳಿಯುತ್ತದೆ. ಆದುದರಿಂದ ನಾಣ್ಯವನ್ನು ಬುಡದ ಎತ್ತರಕ್ಕೆ ಬರುವಂತೆ ಒಂದು ಪುಸ್ತಕದ ಮೇಲಿಡಬೇಕು. ದೂರದಿಂದ ಚಿತ್ರ ತೆಗೆದು ಆಮೇಲೆ ದೊಡ್ಡದು ಮಾಡಿ ನೋಡಬೇಕು. ಹತ್ತಿರ ಹೋದಷ್ಟೂ ಚಿತ್ರ ಚೆನ್ನಾಗಿರುತ್ತದೆಂಬ ನಮ್ಮ ರೂಢಿಯ ನಂಬಿಕೆ ಅಳತೆಯ ವಿಷಯದಲ್ಲಿ ತಲೆಕೆಳಗಾಗುತ್ತದೆ.

ಚಿತ್ರ ಹೇಳಲಾರದ ಮಾತು

ಎಷ್ಟೇ ಜಾಣತನದಿಂದ ಅಳೆದರೂ ಆಕಾರದಲ್ಲಿ ಬರೆದಿಲ್ಲದ ವಿಷಯವನ್ನು ಚಿತ್ರ ಹೇಳಲಾರದು. ಮಾಳಿಗೆಯ ಹಲಗೆಯಲ್ಲಿ ಹುದುಗಿಸುವ, ಬಟ್ಟಲಿನಂಥ ಸಣ್ಣ ದೀಪಗಳು ಇದಕ್ಕೆ ಒಳ್ಳೆಯ ನಿದರ್ಶನ. ಅವುಗಳಲ್ಲಿ ಎರಡು ಜಾತಿಗಳಿವೆ. ಎರಡರ ಮುಖವೂ ಸುಮಾರು 50 ಮಿ.ಮೀ. ಅಗಲ, ಮುಂದಿನಿಂದ ನೋಡಿದರೆ ಅವಳಿ ಮಕ್ಕಳು. ಹಿಂದಿನಿಂದ ನೋಡಿದರೆ ಒಂದಕ್ಕೆ 10 ಮಿ.ಮೀ. ಅಂತರದ, ಅಣಬೆಯಂತೆ ತಲೆ ಉಬ್ಬಿದ ಎರಡು ಕಾಲುಗಳು: ಇದು ಜಿಯು 10, ಮನೆಯ 230 ವೋಲ್ಟಿಗೆ ನೇರವಾಗಿ ಸೇರುವಂಥದು. ಇನ್ನೊಂದಕ್ಕೆ 5.3 ಮಿ.ಮೀ. ಅಂತರದ, ಸೂಜಿಯಂಥ ಎರಡು ಪಿನ್ನುಗಳು: ಇದು ಸಾಮಾನ್ಯವಾಗಿ 12 ವೋಲ್ಟಿನದು. ಇಂಥ ದೀಪದ ಮುಖದ ಚಿತ್ರವನ್ನು ಎಷ್ಟು ಕಳುಹಿಸಿದರೂ ಪ್ರಯೋಜನವಿಲ್ಲ. ಬೆನ್ನಿನ ಚಿತ್ರವೇ ಬೇಕು.

ಕೊಳವೆಯ ಹಿಂದಿರುವ ಪಟ್ಟಿಯೊಳಗಿನ ಸಾಮಗ್ರಿಯೂ ಹೀಗೆಯೇ. ಪ್ರತಿದೀಪ್ತ ಕೊಳವೆಗೆ, ಅಂದರೆ ಹಳೆಯ ಟ್ಯೂಬ್‌ಲೈಟಿಗೆ, ವಿದ್ಯುತ್ ಪ್ರವಾಹವನ್ನು ಹತೋಟಿಯಲ್ಲಿಡುವ ಚೋಕು ಬೇಕು. ಈಗ ಅದರ ಸ್ಥಾನಕ್ಕೆ ಬರುತ್ತಿರುವ ಎಲ್‌ಇಡಿ ಕೊಳವೆಗಳಲ್ಲಿ, ಅದೇ ಜಿ 13 ಬುಡವಿದ್ದರೂ, ಕೆಲವು ಚೋಕನ್ನು ಉಳಿಸಿಕೊಂಡು ಸ್ಟಾರ್ಟರನ್ನು ಮಾತ್ರ ಬದಲಾಯಿಸಿ ಉರಿಯುವಂಥವು. ಕೆಲವು ಚೋಕನ್ನು ತೆಗೆದು ತಂತಿಗಳನ್ನು ಬೇರೆ ರೀತಿಯಲ್ಲಿ ಜೋಡಿಸಬೇಕಾದಂಥವು. ಬುಡ ಕೂತಿತು ಎಂದ ಮಾತ್ರಕ್ಕೆ ದೀಪ ಸರಿಯೆಂದು ತಿಳಿಯಬಾರದು. ಇಂಥ ಕಡೆ ಪಟ್ಟಿಯ ಮುಚ್ಚಳವನ್ನು ತೆಗೆಯಿಸಿ ಚೋಕಿನ ಮೇಲಿನ ಬರಹದ ಚಿತ್ರವನ್ನೂ ಪಡೆಯಬೇಕು. ಮುಚ್ಚಳವನ್ನು ತೆಗೆಯುವ ಮೊದಲು ಗುಂಡಿಯನ್ನಷ್ಟೇ ಅಲ್ಲ, ಮೇನ್ ಸ್ವಿಚ್ಚನ್ನೇ ಆರಿಸಬೇಕು. ಹಳೆಯ ಕೊಳವೆಯಲ್ಲಿ ಪಾದರಸವಿರುವುದರಿಂದ ಅದನ್ನು ಒಡೆಯದಂತೆ ತೆಗೆಯಬೇಕು. ಆ ಪಾದರಸದ ಕಾರಣದಿಂದಲೇ 2023ರಲ್ಲಿ ಮಿನಮಾಟಾ ಒಪ್ಪಂದದ ರಾಷ್ಟ್ರಗಳು ಪ್ರತಿದೀಪ್ತ ಕೊಳವೆಗಳ ತಯಾರಿಕೆಯನ್ನು 2027ರ ಕೊನೆಯೊಳಗೆ ಹಂತಹಂತವಾಗಿ ನಿಲ್ಲಿಸಲು ತೀರ್ಮಾನಿಸಿವೆ. ಗೋಡೆಗಳ ಮೇಲೆ ಈಗಾಗಲೇ ಇರುವ ಹೋಲ್ಡರುಗಳು ಮಾತ್ರ ಇನ್ನೂ ಬಹಳ ಕಾಲ ಉಳಿಯಲಿವೆ. ಆದ್ದರಿಂದ ಹಳೆಯ ಬುಡವನ್ನು ಗುರುತಿಸುವ ಕೆಲಸ ಅಷ್ಟು ಬೇಗ ಮುಗಿಯುವಂತೆ ತೋರುವುದಿಲ್ಲ.

ಬೆಂಗಳೂರಿಗೆ ಹಿಂದಿರುಗಿದ ಮೇಲೆ ನಾವು 14 ವಾಟಿನ ಟಿ 5 ಕೊಳವೆಯೊಂದನ್ನು ಹುಡುಕಿ ತೆಗೆದು, ಊರಿಗೆ ಹೊರಟಿದ್ದವರೊಬ್ಬರ ಕೈಯಲ್ಲಿ ಕಳುಹಿಸಿದೆವು. ಎರಡು ದಿನಗಳ ತರುವಾಯ ಸ್ನೇಹಿತರಿಂದ ಇನ್ನೊಂದು ಚಿತ್ರ ಬಂದಿತು. ಗೋಡೆಯ ಮೇಲೆ ದೀಪ ಬೆಳಗುತ್ತಿತ್ತು; ಅದರ ಕೆಳಗೆ ಅವರ ತಾಯಿಯವರು ಪುಸ್ತಕವನ್ನು ಹಿಡಿದು ಕುಳಿತಿದ್ದರು. ನಾವು ಈ ಸಲವೂ ಚಿತ್ರವನ್ನು ಅಳೆದು ನೋಡಿದೆವು. ಪಕ್ಕದ ಗೋಡೆಯ ಮೇಲೆ ಅವರ ಕೈಯ ನೆರಳು ಬಿದ್ದಿತ್ತಾದರೂ ಅದನ್ನು ನಂಬದೆ, ಪುಸ್ತಕದ ಮೇಲಿದ್ದ ಕೈಯನ್ನೇ ಅಳತೆಗೋಲಾಗಿ ತೆಗೆದುಕೊಂಡೆವು. ದೀಪ ಎರಡೂವರೆ ಗೇಣೂ ಇರಲಿಲ್ಲ.